ಅರ್ಧ ಹಣ ಬಂದಿದೆ, ಉಳಿದ ಸರಕು ಗೋದಾಮಿನಲ್ಲಿದೆ: ಬಾಕಿಯ ದಿನ ಕೇಳುವ ನಾಲ್ಕು ಬಗೆಗಳ ಹೋಲಿಕೆ

ಮಾಲೂರು ಕೈಗಾರಿಕಾ ಪ್ರದೇಶದಲ್ಲಿ ಟೊಮೆಟೊ ತುಂಬುವ ಪ್ಲಾಸ್ಟಿಕ್ ಕ್ರೇಟ್ ತಯಾರಿಸುವ ಒಂದು ಸಣ್ಣ ಘಟಕದ ಲೆಕ್ಕ ನೋಡುವುದು ನನ್ನ ಕೆಲಸ. ನಮ್ಮ ಸರಕಿನ ಬಹುಪಾಲು ಕೋಲಾರ ಎಪಿಎಂಸಿಯ ಮಂಡಿಗಳಿಗೆ ಹೋಗುತ್ತದೆ. ಮಂಡಿಯವರಿಗೆ ಹಣ ಒಂದೇ ಸಲ ಬರುವುದಿಲ್ಲ. ಹೊರರಾಜ್ಯದ ಖರೀದಿದಾರರು ಕಳುಹಿಸಿದಂತೆ ಬರುತ್ತದೆ. ಆದ್ದರಿಂದ ಅವರು ನಮಗೂ ತುಂಡುತುಂಡಾಗಿಯೇ ಕೊಡುತ್ತಾರೆ. ಹಾಗೆ ಒಂದು ಭಾಗ ಬಂದ ದಿನ, ಹಣ ಮುಟ್ಟಿತೆಂದು ತಿಳಿಸುತ್ತಲೇ ಉಳಿದದ್ದು ಯಾವಾಗ ಎಂದು ಕೇಳಿ, ಅದು ಬರುವವರೆಗೆ ಸರಕನ್ನು ಹಿಡಿದುಕೊಳ್ಳಬೇಕಾಗುತ್ತದೆ. ಇದನ್ನು ಬರೆಯಲು ನಾಲ್ಕು ಬಗೆಗಳು ರೂಢಿಯಲ್ಲಿವೆ. ಮೇಲ್ನೋಟಕ್ಕೆ ಇವುಗಳ ನಡುವಿನ ವ್ಯತ್ಯಾಸ ಬರಿಯ ಮಾತಿನ ಧಾಟಿಯದ್ದೆಂದು ತೋರುತ್ತದೆಯಾದರೂ, ಸರಕನ್ನು ತಡೆಹಿಡಿಯುವ ನಮ್ಮ ಹಕ್ಕು ಉಳಿಯುವುದೋ ಕೈತಪ್ಪುವುದೋ ಎಂಬುದನ್ನು ತೀರ್ಮಾನಿಸುವುದು ಆ ವ್ಯತ್ಯಾಸವೇ.

ನಾಲ್ಕನ್ನೂ ಒಂದೇ ವ್ಯವಹಾರಕ್ಕೆ ಹಚ್ಚಿ ನೋಡುತ್ತೇನೆ. ಜೂನ್ 2ರಂದು ಒಬ್ಬ ಮಂಡಿ ಮಾಲೀಕರು ತೆರಿಗೆ ಸೇರಿ ಕ್ರೇಟಿಗೆ ರೂ. 300ರಂತೆ 1,200 ಕ್ರೇಟ್‌ಗಳಿಗೆ ಹೇಳಿದರು, ಒಟ್ಟು ರೂ. 3,60,000. ಕೊಟೇಶನ್‌ನಲ್ಲಿ "ಸರಕು ಹೊರಡುವ ಮೊದಲು ಹಣ" ಎಂದೇ ಬರೆದಿದ್ದೆವು. ಆದರೆ ಮಾಲು ಜೋರಾಗಿ ಬರುತ್ತಿದೆ ಎಂದು ಅವರು ಒತ್ತಾಯಿಸಿದ್ದರಿಂದ ಜೂನ್ 9ರಂದು 500 ಕ್ರೇಟ್‌ಗಳನ್ನು ಹಣವಿಲ್ಲದೆಯೇ ಕಳುಹಿಸಿದೆವು. ಜೂನ್ 12ರ ಮಧ್ಯಾಹ್ನ ನೆಫ್ಟ್ ಮೂಲಕ ರೂ. 2,00,000 ಬಂತು. ತಲುಪಿದ 500 ಕ್ರೇಟ್‌ಗಳ ಬೆಲೆ ರೂ. 1,50,000 ಆದುದರಿಂದ, ಉಳಿದ 700ರ ಲೆಕ್ಕಕ್ಕೆ ರೂ. 50,000 ಮುಂಗಡ ಸೇರಿದಂತಾಯಿತು. ಬಾಕಿ ರೂ. 1,60,000. ಇದಲ್ಲದೆ ಹಿಂದಿನ ಸೀಸನ್ನಿನ ರೂ. 18,000 ಅವರ ಖಾತೆಯಲ್ಲಿ ಬೇರೆಯಾಗಿಯೇ ನಿಂತಿತ್ತು.

ಮೊದಲು ಹಣ ಮುಟ್ಟಿದ ಮಾತು

ಬಾಕಿ ಕೇಳುವ ಬಗೆ ಯಾವುದೇ ಇರಲಿ, ಹಣ ಮುಟ್ಟಿದ್ದನ್ನು ತಿಳಿಸುವ ಭಾಗ ನಾಲ್ಕಕ್ಕೂ ಒಂದೇ. ಎದುರಿನವರು ವಾಟ್ಸಾಪಿನಲ್ಲಿ ಕಳುಹಿಸಿದ ಚಿತ್ರವನ್ನು ನೋಡಿ "ಬಂತು" ಎಂದು ಬರೆಯಬಾರದು. ನಮ್ಮ ಖಾತೆಯ ವಿವರದಲ್ಲಿ ಜಮೆ ಕಂಡ ಮೇಲೆಯೇ ಯುಟಿಆರ್ ಸಂಖ್ಯೆಯೊಂದಿಗೆ ಬರೆಯಬೇಕು. ಚೆಕ್ಕು ಬಂದಿದ್ದರೆ "ಚೆಕ್ಕು ಕೈಸೇರಿದೆ, ನಗದಾದ ಮೇಲೆ ಜಮೆ ಮಾಡಲಾಗುವುದು" ಎಂದಷ್ಟೇ ಬರೆಯಬೇಕು. 1930ರ ಸರಕು ಮಾರಾಟ ಕಾಯ್ದೆಯ 45ನೇ ಕಲಮಿನ ಪ್ರಕಾರ, ಪೂರ್ತಿ ಬೆಲೆ ಸಂದಿರದ ಮಾರಾಟಗಾರನಂತೆಯೇ, ಪಡೆದ ಚೆಕ್ಕು ಅಮಾನ್ಯವಾದವನೂ ಹಣ ಸಲ್ಲದ ಮಾರಾಟಗಾರನೇ.

ಯಾವ ಲೆಕ್ಕಕ್ಕೆ ಜಮೆ ಮಾಡಿದೆವು ಎಂಬುದನ್ನು ಹೇಳದೆ ಬಿಡುವುದು ಇಲ್ಲಿ ಆಗುವ ದೊಡ್ಡ ತಪ್ಪು. 1872ರ ಕರಾರು ಕಾಯ್ದೆಯ 59ನೇ ಕಲಮಿನಂತೆ, ಕೊಡುವವರು ಇಂಥ ಬಾಕಿಗೆಂದು ಸೂಚಿಸಿ ಕೊಟ್ಟರೆ, ಆ ಹಣವನ್ನು ಒಪ್ಪಿಕೊಂಡವರು ಅದೇ ಬಾಕಿಗೆ ಜಮೆ ಮಾಡಬೇಕು. ಅವರು ಏನನ್ನೂ ಹೇಳದಿದ್ದರೆ, ಮತ್ತು ಸಂದರ್ಭದಿಂದಲೂ ಏನೂ ತಿಳಿಯದಿದ್ದರೆ, ಸಲ್ಲಬೇಕಾದ ಯಾವ ಬಾಕಿಗೆ ಬೇಕಾದರೂ ಹಾಕಿಕೊಳ್ಳುವ ಆಯ್ಕೆ 60ನೇ ಕಲಮಿನಿಂದ ನಮಗೆ ದೊರೆಯುತ್ತದೆ. ಇಬ್ಬರೂ ಸುಮ್ಮನಿದ್ದರೆ, 61ನೇ ಕಲಮಿನಂತೆ ಹಳೆಯ ಬಾಕಿಯೇ ಮೊದಲು ತೀರುತ್ತದೆ. ನಮ್ಮ ವ್ಯವಹಾರದಲ್ಲಿ ನೆಫ್ಟ್‌ನ ಟಿಪ್ಪಣಿಯ ಜಾಗ ಖಾಲಿಯಿತ್ತು. ರೂ. 18,000ವನ್ನು ಮೊದಲು ಕಳೆದುಕೊಳ್ಳಬಹುದಿತ್ತಾದರೂ ಹಾಗೆ ಮಾಡಲಿಲ್ಲ. ಹಾಗೆ ಮಾಡಿದ್ದರೆ ಅವರ ಮನಸ್ಸಿನ ಬಾಕಿ ರೂ. 1,60,000, ನಮ್ಮ ಪುಸ್ತಕದ ಬಾಕಿ ರೂ. 1,78,000 ಆಗಿ, ಲಾರಿ ಬಾಗಿಲಿಗೆ ಬಂದ ದಿನ ಜಗಳಕ್ಕೆ ದಾರಿಯಾಗುತ್ತಿತ್ತು. ಹಳೆಯ ಬಾಕಿಯನ್ನು ಬೇರೆ ಸಾಲಿನಲ್ಲಿ, ಬೇರೆಯದೆಂದೇ ನೆನಪಿಸುವುದು ಒಳ್ಳೆಯದು ಎಂಬುದು ನನ್ನ ಅನುಭವ.

ಮೊದಲನೆಯ ಬಗೆ: ಬರಿಯ ಪ್ರಶ್ನೆ

"ರೂ. 2,00,000 ತಲುಪಿತು, ಧನ್ಯವಾದ. ಬಾಕಿ ಯಾವಾಗ ಕೊಡುತ್ತೀರಿ ತಿಳಿಸಿ." ಹೆಚ್ಚಿನವರು ಬರೆಯುವುದು ಇಷ್ಟನ್ನೇ. ವರ್ಷಗಳಿಂದ ಕೊಡುಕೊಳ್ಳುವಿಕೆಯಿದ್ದು, ಬಾಕಿ ಚಿಕ್ಕದಾಗಿ, ಎರಡು ಮೂರು ದಿನಗಳಲ್ಲಿ ಬರುವುದು ಖಚಿತವಿದ್ದರೆ ಇಷ್ಟು ಸಾಕು. ಇದರ ತೊಡಕು ಇರುವುದು ಪ್ರಶ್ನೆಯಲ್ಲಲ್ಲ, ಬರುವ ಉತ್ತರಕ್ಕೆ ನಾವು ಹೇಳುವ ಮರುಮಾತಿನಲ್ಲಿ.

ಅವರು "ಜುಲೈ ಕೊನೆಗೆ ಕೊಡುತ್ತೇವೆ" ಎಂದು ಬರೆಯುತ್ತಾರೆ. ನಾವು ಸೌಜನ್ಯಕ್ಕೆ "ಆಗಲಿ ಸಾರ್" ಎನ್ನುತ್ತೇವೆ. ಈ ಎರಡು ಸಾಲುಗಳನ್ನು ಒಟ್ಟಿಗೆ ಓದಿದವರು, ಜುಲೈ ಕೊನೆಯವರೆಗೆ ಉದ್ರಿ ಕೊಟ್ಟಿದ್ದಾರೆ ಎಂದು ಅರ್ಥ ಮಾಡಲು ಅಡ್ಡಿಯಿಲ್ಲ. ಸರಕು ಮಾರಾಟ ಕಾಯ್ದೆಯ 47ನೇ ಕಲಮಿನಂತೆ, ನಮ್ಮ ಸ್ವಾಧೀನದಲ್ಲಿರುವ ಸರಕನ್ನು ಬೆಲೆ ಸಲ್ಲುವವರೆಗೆ ತಡೆಹಿಡಿಯುವ ಹಕ್ಕು ಮೂರು ಸಂದರ್ಭಗಳಲ್ಲಿ ಇರುತ್ತದೆ: ಉದ್ರಿಯ ಮಾತಿಲ್ಲದೆ ಮಾರಿದ್ದರೆ, ಉದ್ರಿ ಕೊಟ್ಟಿದ್ದು ಅದರ ವಾಯಿದೆ ಮುಗಿದಿದ್ದರೆ, ಇಲ್ಲವೇ ಕೊಳ್ಳುವವರು ದಿವಾಳಿಯಾಗಿದ್ದರೆ. ಅಂದರೆ, ಉದ್ರಿ ಕೊಟ್ಟಂತಾದರೆ, ವಾಯಿದೆ ಮುಗಿಯುವವರೆಗೆ "ಹಣ ಬರಲಿಲ್ಲ, ಸರಕು ಕೊಡೆವು" ಎನ್ನುವ ನಮ್ಮ ನೆಲೆಯೇ ಸಡಿಲವಾಗುತ್ತದೆ. ಬಾಕಿ ಯಾವಾಗ ಎಂದು ವಿಚಾರಿಸಲು ಹೋದ ಸಾಲೇ ಬಾಕಿಗೆ ಗಡುವು ಕೊಟ್ಟ ಸಾಲಾಗಿಬಿಡುತ್ತದೆ. ಈ ವಿಷಯ ತಿಳಿಯುವ ಮೊದಲು ನಾನೂ ಎಷ್ಟೋ ಸಲ "ಆಗಲಿ" ಎಂದು ಬರೆದಿದ್ದೇನೆ.

ಬರಿಯ ಪ್ರಶ್ನೆಯನ್ನೇ ಕಳುಹಿಸಬೇಕೆಂದಿದ್ದರೆ ಮರುಮಾತನ್ನಾದರೂ ಬದಲಿಸಬೇಕು. "ಜುಲೈ ಕೊನೆಗೆ ಹಣ ಕಳುಹಿಸುವಿರಿ ಎಂಬುದನ್ನು ಗಮನಿಸಿದ್ದೇವೆ, ಸರಕನ್ನು ಹಣ ಜಮೆಯಾದ ಮೇಲೆಯೇ ಕಳುಹಿಸುತ್ತೇವೆ" ಎಂದರೆ ಸಾಕು. ದಿನವನ್ನು ಕೇಳಿಸಿಕೊಂಡದ್ದೂ ಆಯಿತು, ಉದ್ರಿ ಕೊಡಲಿಲ್ಲ ಎಂಬುದೂ ದಾಖಲಾಯಿತು.

ಎರಡನೆಯ ಬಗೆ: ಷರತ್ತಿನೊಂದಿಗೆ ಪತ್ರ

ಬಾಕಿ ದೊಡ್ಡದಿದ್ದಾಗ, ಅಥವಾ ನಮ್ಮ ವ್ಯವಹಾರದಲ್ಲಾದಂತೆ ಒಂದು ಕಂತಿನ ಸರಕು ಹಣಕ್ಕೆ ಮೊದಲೇ ಹೊರಟುಹೋಗಿರುವಾಗ, ನಾನು ಆರಿಸುವುದು ಇದನ್ನು. ಅಂದು ಕಳುಹಿಸಿದ ಪತ್ರದ ಒಕ್ಕಣೆ ಹೀಗಿತ್ತು:

"ಮಾನ್ಯರೇ, ಜೂನ್ 2ರ ನಿಮ್ಮ 1,200 ಕ್ರೇಟ್‌ಗಳ ಆರ್ಡರಿನ ಲೆಕ್ಕಕ್ಕೆ ಜೂನ್ 12ರಂದು ರೂ. 2,00,000 ನಮ್ಮ ಖಾತೆಗೆ ಜಮೆಯಾಗಿದೆ. ಧನ್ಯವಾದಗಳು. ಆರ್ಡರಿನ ಒಟ್ಟು ಬೆಲೆ ರೂ. 3,60,000, ಬಾಕಿ ರೂ. 1,60,000. ಜೂನ್ 9ರಂದು 500 ಕ್ರೇಟ್‌ಗಳು ನಿಮಗೆ ತಲುಪಿವೆ. ಉಳಿದ 700 ನಮ್ಮ ಗೋದಾಮಿನಲ್ಲಿ ಸಿದ್ಧವಾಗಿವೆ. ಬಾಕಿ ಹಣ ನಮ್ಮ ಖಾತೆಗೆ ಜಮೆಯಾದ ಮರುದಿನ ಅವನ್ನು ಕಳುಹಿಸುತ್ತೇವೆ. ಮೊದಲ 500ನ್ನು ಹಣಕ್ಕೆ ಮೊದಲು ಕಳುಹಿಸಿದ್ದು ನಿಮ್ಮ ತುರ್ತಿಗಾಗಿಯೇ ಹೊರತು, ಉಳಿದ ಸರಕಿಗೆ ಉದ್ರಿ ಕೊಟ್ಟಂತಲ್ಲ. ಬಾಕಿಯನ್ನು ಯಾವ ದಿನ ಕಳುಹಿಸುವಿರಿ ಎಂಬುದನ್ನು ಜೂನ್ 14ರ ಸಂಜೆಯೊಳಗೆ ತಿಳಿಸಬೇಕೆಂದು ಕೋರುತ್ತೇವೆ. ಜೂನ್ 25ರವರೆಗೆ ಈ ಸರಕನ್ನು ನಿಮಗಾಗಿ ಇಟ್ಟಿರುತ್ತೇವೆ. ಹಿಂದಿನ ಸೀಸನ್ನಿನ ರೂ. 18,000 ಬೇರೆ ಲೆಕ್ಕ. ಅದನ್ನು ಇದರಲ್ಲಿ ಸೇರಿಸಿಲ್ಲ."

ಮೊದಲ ಕಂತಿನ ಬಗೆಗಿನ ಸಾಲು ಇಲ್ಲಿ ಸುಮ್ಮನೆ ಬಂದದ್ದಲ್ಲ. ಕಾಯ್ದೆಯ 48ನೇ ಕಲಮು, ಒಂದು ಭಾಗವನ್ನು ಕೊಟ್ಟ ಮೇಲೂ ಉಳಿದ ಭಾಗವನ್ನು ತಡೆಹಿಡಿಯುವ ಹಕ್ಕು ಮಾರಾಟಗಾರನಿಗೆ ಉಂಟು ಎನ್ನುತ್ತದೆ. ಆದರೆ ಆ ಭಾಗವನ್ನು ಕೊಟ್ಟ ರೀತಿಯಿಂದಲೇ ಹಕ್ಕನ್ನು ಬಿಟ್ಟುಕೊಡಲು ಒಪ್ಪಿದಂತೆ ಕಾಣುವಂತಿದ್ದರೆ ಅದು ಇರುವುದಿಲ್ಲ. ಹಣವಿಲ್ಲದೆ 500 ಕಳುಹಿಸಿದ ನಾವು, ಹಾಗೆ ಕಾಣದಂತೆ ಮಾಡುವುದು ನಮ್ಮ ಹೊಣೆ.

ದಿನಾಂಕಗಳ ವಿಷಯವೂ ಸೂಕ್ಷ್ಮವಾದದ್ದು. ಪತ್ರದಲ್ಲಿ ಎರಡು ದಿನಾಂಕಗಳಿವೆ, ಎರಡೂ ಹಣ ಕೊಡಲು ನಾವು ಕೊಟ್ಟ ಗಡುವಲ್ಲ. ಒಂದು ಉತ್ತರ ಕೊಡಬೇಕಾದ ದಿನ, ಇನ್ನೊಂದು ಸರಕನ್ನು ಅವರಿಗಾಗಿ ಇಟ್ಟಿರುವ ಕೊನೆಯ ದಿನ. "ಜೂನ್ 25ರೊಳಗೆ ಬಾಕಿ ಕೊಡಿ" ಎಂದು ಬರೆದಿದ್ದರೆ ಮತ್ತೆ ಉದ್ರಿಯ ವಾಸನೆ ಬರುತ್ತಿತ್ತು. "25ರವರೆಗೆ ಇಟ್ಟಿರುತ್ತೇವೆ" ಎಂದಾಗ ಉಪಕಾರ ಯಾರದ್ದೆಂಬುದು ಸ್ಪಷ್ಟ. ಇನ್ನೊಂದು ಕಾರಣವೂ ಇದೆ. ಕಾಯ್ದೆಯ 11ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ಉದ್ದೇಶ ಕಾಣದಿದ್ದರೆ, ಹಣ ಕೊಡುವ ಸಮಯವನ್ನು ಕರಾರಿನ ಜೀವಾಳವೆಂದು ಎಣಿಸುವುದಿಲ್ಲ. ಆದ್ದರಿಂದ ಅವರು ಹೇಳಿದ ದಿನ ತಪ್ಪಿದ ಮಾತ್ರಕ್ಕೆ ಆರ್ಡರ್ ರದ್ದಾಯಿತೆಂದು ಬೇರೆಯವರಿಗೆ ಮಾರಿಬಿಡುವಂತಿಲ್ಲ. ಮಾರಬೇಕಾದರೆ 54ನೇ ಕಲಮಿನಂತೆ, ಮಾರುವ ಉದ್ದೇಶವನ್ನು ತಿಳಿಸಿ ತಕ್ಕಷ್ಟು ಸಮಯ ಕೊಡಬೇಕು. ತಿಳಿಸದೆ ಮಾರಿದರೆ ನಷ್ಟವನ್ನು ಕೇಳಲಾಗದು, ಲಾಭ ಬಂದರೆ ಅದು ಅವರಿಗೆ ಸೇರುತ್ತದೆ. 25 ಎಂಬುದು ಮುಂದೆ ಅಂಥ ನೋಟಿಸು ಕೊಡಬೇಕಾಗಿ ಬಂದರೆ ಹಿಡಿದುಕೊಳ್ಳಲು ಒಂದು ಕೊಂಡಿ ಮಾತ್ರ.

ಈ ಬಗೆಯ ಕೊರತೆಯೆಂದರೆ ಬಿಗಿ. ಕೋಲಾರದ ಮಂಡಿಗಳಲ್ಲಿ ಮಾತು ಬಹುಪಾಲು ತೆಲುಗಿನಲ್ಲೋ ತೆಲುಗು ಬೆರೆತ ಕನ್ನಡದಲ್ಲೋ ನಡೆಯುತ್ತದೆ. ಬಾಯಿಮಾತಿನ ನಂಬಿಕೆಗೆ ಅಲ್ಲಿ ಬೆಲೆ ಹೆಚ್ಚು. ಅಂಥಲ್ಲಿ ಇಂಥ ಪತ್ರವೊಂದೇ ಹೋಗಿ ಬಿದ್ದರೆ ಕೇಸಿಗೆ ಸಿದ್ಧವಾಗುತ್ತಿದ್ದಾರೆಂದು ತಿಳಿಯುವವರಿದ್ದಾರೆ. ಆದ್ದರಿಂದ ಪತ್ರ ಕಳುಹಿಸಿದ ಅರ್ಧ ಗಂಟೆಯಲ್ಲಿ ನಮ್ಮ ಮಾಲೀಕರು ತಾವೇ ಫೋನ್ ಮಾಡಿ, "ಲೆಕ್ಕಕ್ಕೆ ಒಂದು ಕಾಗದ ಕಳುಹಿಸಿದ್ದೇವೆ ಅಣ್ಣ, ನೋಡಿಕೊಳ್ಳಿ" ಎಂದು ಹೇಳುತ್ತಾರೆ. ಫೋನಿನಲ್ಲಿ ಏನು ತೀರ್ಮಾನವಾಯಿತೋ ಅದನ್ನು ನಾನು ಅದೇ ದಿನ ಒಂದೇ ಸಾಲಿನಲ್ಲಿ ಬರೆದು ಕಳುಹಿಸುತ್ತೇನೆ. ಮೊದಲು ಫೋನ್ ಮಾಡಿ ಆಮೇಲೆ ಪತ್ರ ಕಳುಹಿಸಿದರೆ, ಮಾತಿಗೂ ಪತ್ರಕ್ಕೂ ಹೊಂದಿಕೆಯಾಗದೆ ಪತ್ರವೇ ಅವಮಾನದಂತೆ ಕಾಣುತ್ತದೆ.

ಮೂರನೆಯ ಬಗೆ: ಬಂದ ಹಣದಷ್ಟು ಸರಕು

ರೂ. 50,000 ಹೆಚ್ಚಾಗಿ ಕೊಟ್ಟಿರುವ ಮಂಡಿಯವರು "ನನ್ನ ಹಣ ನಿಮ್ಮ ಬಳಿ ಇದೆ, ಅಷ್ಟಕ್ಕಾದರೂ ಕ್ರೇಟ್ ಕೊಡಿ" ಎಂದರೆ ಅದು ನ್ಯಾಯವಾದ ಮಾತು. ಟೊಮೆಟೊ ಕಾಯುವ ವಸ್ತುವಲ್ಲ. ಕ್ರೇಟ್ ಇಲ್ಲದೆ ಅವರ ವ್ಯಾಪಾರ ನಿಂತರೆ ನಮ್ಮ ಬಾಕಿ ಬರುವ ದಾರಿಯೂ ಮುಚ್ಚುತ್ತದೆ. ಅಂಥಲ್ಲಿ ಉಳಿದ 700ನ್ನು ಮೂರು ಕಂತುಗಳಾಗಿ ಒಡೆದು, ಪ್ರತಿ ಕಂತಿಗೂ ಹಣ ಮೊದಲು ಎಂಬ ಕ್ರಮ ಇಡಬಹುದು. ಹೀಗೆ ಬರೆಯಬೇಕು:

"ಈಗಾಗಲೇ ಬಂದಿರುವ ರೂ. 50,000ದ ಲೆಕ್ಕದಲ್ಲಿ 150 ಕ್ರೇಟ್‌ಗಳನ್ನು ನಾಳೆ ಕಳುಹಿಸುತ್ತೇವೆ. ಮುಂದೆ ರೂ. 85,000 ಜಮೆಯಾದ ಮರುದಿನ 300, ಕೊನೆಯ ರೂ. 75,000 ಜಮೆಯಾದ ಮರುದಿನ 250 ಕಳುಹಿಸುತ್ತೇವೆ. ಈ ಎರಡು ಮೊತ್ತಗಳನ್ನು ಯಾವ ಯಾವ ದಿನ ಕಳುಹಿಸುವಿರಿ ಎಂದು ತಿಳಿಸಿ."

150 ಕ್ರೇಟ್‌ಗಳಿಗೆ ರೂ. 45,000 ಆಗುವುದರಿಂದ ರೂ. 5,000 ನಮ್ಮಲ್ಲೇ ಉಳಿದು ಮುಂದಿನ ಕಂತಿಗೆ ಸೇರುತ್ತದೆ. ಹಾಗಾಗಿ ಯಾವ ಹಂತದಲ್ಲೂ ಹೊರಗೆ ಹೋದ ಸರಕಿನ ಬೆಲೆ ಬಂದ ಹಣವನ್ನು ಮೀರುವುದಿಲ್ಲ. ದಿನ ತಪ್ಪಿದರೂ ನಮಗೆ ಆಗುವ ತೊಂದರೆ ಗೋದಾಮಿನ ಜಾಗವಷ್ಟೇ. ಇದಕ್ಕೆ ತೆರಬೇಕಾದ ಬೆಲೆ ಸಾಗಾಣಿಕೆ. ಮಾಲೂರಿನಿಂದ ಕೋಲಾರಕ್ಕೆ ಒಂದೇ ದೊಡ್ಡ ಗಾಡಿಯಲ್ಲಿ ಹೋಗಬಹುದಾದ ಸರಕಿಗೆ ಮೂರು ಸಲ ಚಿಕ್ಕ ಗಾಡಿ ಕಟ್ಟಬೇಕು. ಆ ಹೆಚ್ಚುವರಿ ಬಾಡಿಗೆ ಯಾರದ್ದೆಂಬುದನ್ನು ಇದೇ ಪತ್ರದಲ್ಲಿ ಹೇಳಿಬಿಡಬೇಕು, ಇಲ್ಲವಾದರೆ ಕೊನೆಯ ಕಂತಿನ ಹಣದಲ್ಲಿ ಅದನ್ನು ಹಿಡಿದುಕೊಳ್ಳುತ್ತಾರೆ.

ಬಿಲ್ಲನ್ನೂ ಕಂತಿಗೊಂದರಂತೆ, ಗಾಡಿ ಹೊರಡುವ ದಿನದ್ದೇ ಮಾಡಬೇಕು. ಮೊದಲೇ 1,200ಕ್ಕೂ ಒಂದೇ ತೆರಿಗೆ ಬಿಲ್ ಮಾಡಿದರೆ, ಗೋದಾಮಿನಲ್ಲೇ ಇರುವ, ಹಣವೂ ಬಾರದ ಸರಕಿನ ಜಿಎಸ್‌ಟಿ ನಮ್ಮ ತಲೆಯ ಮೇಲೆ ಬರುತ್ತದೆ. ಉಳಿದ ಸರಕಿಗೆ ಪ್ರೊಫಾರ್ಮಾ ಬಿಲ್ ಸಾಕು. ಗಾಡಿಯಲ್ಲಿರುವ ಸರಕಿನ ಬೆಲೆ ರೂ. 50,000 ಮೀರಿದಾಗ ಇ-ವೇ ಬಿಲ್ ಬೇಕೆಂಬುದನ್ನೂ ಮರೆಯಬಾರದು.

ನಾಲ್ಕನೆಯ ಬಗೆ: ಮುಂದಿನ ತಾರೀಖಿನ ಚೆಕ್ಕಿಗೆ ಪೂರ್ತಿ ಸರಕು

ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಇದು ಬಾಕಿಯ ದಿನ ಕೇಳುವ ಬಗೆಯೇ ಅಲ್ಲ, ಉದ್ರಿ ಕೊಡುವ ಬಗೆ. ಸರಕು ಕೊಳ್ಳುವವರ ಕೈಸೇರಿದ ಕ್ಷಣ ತಡೆಹಿಡಿಯುವ ಹಕ್ಕು ಮುಗಿಯಿತು. ಆಮೇಲೆ ಉಳಿಯುವುದು ವಸೂಲಿ ಮಾತ್ರ. ಚೆಕ್ಕು ಅಮಾನ್ಯವಾದರೆ, ಬ್ಯಾಂಕಿನಿಂದ ತಿಳಿದ 30 ದಿನಗಳೊಳಗೆ ನೋಟಿಸು ಕೊಟ್ಟು, ಅದು ತಲುಪಿದ ಮೇಲೆ 15 ದಿನ ಕಾದು, ಆಗಲೂ ಹಣ ಬಾರದಿದ್ದರೆ ಒಂದು ತಿಂಗಳೊಳಗೆ ದೂರು ಹಾಕುವ ದಾರಿ ಇದೆ. ಅದು ದಾರಿಯೇ ಹೊರತು ಹಣವಲ್ಲ. ಗೊತ್ತಿದ್ದೂ ಉದ್ರಿ ಕೊಡುವುದಾದರೆ ವಾಯಿದೆಯನ್ನು 45 ದಿನಗಳೊಳಗೇ ಇಡಿ. ಉದ್ಯಮ್ ನೋಂದಣಿಯಿರುವ ಕಿರು ಮತ್ತು ಸಣ್ಣ ತಯಾರಕರಿಗೆ, ಸರಕನ್ನು ಒಪ್ಪಿಕೊಂಡ ದಿನದಿಂದ 45 ದಿನಗಳನ್ನು ಮೀರಿದ ವಾಯಿದೆಯನ್ನು 2006ರ ಎಂಎಸ್ಎಂಇ ಕಾಯ್ದೆ ಮಾನ್ಯ ಮಾಡುವುದಿಲ್ಲ.

ಯಾವುದನ್ನು ಆರಿಸಬೇಕು ಎಂದು ನೋಡುವಾಗ ನಾನು ಮೊದಲು ಕೇಳಿಕೊಳ್ಳುವುದು, ಕೈಯಲ್ಲಿರುವ ಸರಕನ್ನು ಬೇರೆಯವರಿಗೆ ಮಾರಲು ಆಗುತ್ತದೆಯೇ ಎಂಬುದನ್ನು. ಮಂಡಿಯವರು ಕ್ರೇಟ್ ಕಳುವಾಗದಿರಲೆಂದು ತಮ್ಮ ಹೆಸರಿನ ಅಕ್ಷರಗಳನ್ನು ಅದರ ಮೇಲೆ ಹಾಕಿಸುತ್ತಾರೆ. ಹೆಸರು ಬಿದ್ದ ಕ್ರೇಟನ್ನು ಇನ್ನೊಂದು ಮಂಡಿ ಕೊಳ್ಳುವುದಿಲ್ಲ. ಅದನ್ನು ತಡೆಹಿಡಿದರೂ ನಮಗೆ ಸಿಗುವ ಬಲ ಅಷ್ಟಕ್ಕಷ್ಟೆ. ಆದ್ದರಿಂದ ಹೆಸರು ಹಾಕುವ ಕೆಲಸವನ್ನೂ ಹಣಕ್ಕೆ ಕಟ್ಟಬೇಕು: ಆಯಾ ಕಂತಿನ ಹಣ ಬಂದ ಮೇಲೆಯೇ ಆ ಕಂತಿಗೆ ಹೆಸರು. ಈ ಆರ್ಡರಿನಲ್ಲಿ ಮೊದಲ 500ಕ್ಕೆ ಹೆಸರು ಬಿದ್ದಿತ್ತು, 700 ಖಾಲಿಯಿದ್ದವು. ಷರತ್ತಿನ ಪತ್ರವನ್ನು ಧೈರ್ಯವಾಗಿ ಕಳುಹಿಸಲು ಸಾಧ್ಯವಾದದ್ದು ಅದರಿಂದಲೇ. ಎಲ್ಲಕ್ಕೂ ಹೆಸರು ಬಿದ್ದಿದ್ದರೆ, ಪತ್ರದ ಬಿಗಿಗಿಂತ ಕಂತುಗಳ ದಾರಿಯೇ ಲೇಸೆನ್ನುತ್ತಿದ್ದೆ.

ಪತ್ರ ಹೋದ ಸಂಜೆಯೇ ಉತ್ತರ ಬಂತು: ಹೊರರಾಜ್ಯದಿಂದ ಹಣ ಬರಬೇಕಿದೆ, ಪೂರ್ತಿ ಒಂದೇ ಸಲ ಆಗದು, 18ಕ್ಕೆ ರೂ. 85,000, 25ಕ್ಕೆ ಉಳಿದದ್ದು. ಉತ್ತರದಲ್ಲಿ ದಿನ ಮತ್ತು ಮೊತ್ತ ಎರಡೂ ಇದ್ದುದರಿಂದ ನಾವು ಎರಡನೆಯ ಬಗೆಯಿಂದ ಮೂರನೆಯದಕ್ಕೆ ಇಳಿದೆವು. ಮೇಲಿನ ಕಂತಿನ ಒಕ್ಕಣೆಯನ್ನು ಕಳುಹಿಸಿ, 13ರಂದು 150 ಕ್ರೇಟ್‌ಗಳನ್ನು ಹೊರಡಿಸಿದೆವು. "ಈ ವಾರದಲ್ಲಿ ನೋಡೋಣ" ಎಂಬಂಥ ಉತ್ತರ ಬಂದಿದ್ದರೆ ಇಳಿಯುತ್ತಿರಲಿಲ್ಲ. ದಿನವಿಲ್ಲದ ಉತ್ತರಕ್ಕೆ ಇನ್ನೊಮ್ಮೆ ದಿನ ಕೇಳುವುದೇ ಸರಿ.

18ರಂದು ಬಂದದ್ದು ರೂ. 60,000 ಮಾತ್ರ. 300 ಕ್ರೇಟ್‌ಗಳಿಗೆ ಗಾಡಿಯನ್ನು ಅವರೇ ಕಳುಹಿಸಿಬಿಟ್ಟಿದ್ದರು. ಚಾಲಕನನ್ನು ನಿಲ್ಲಿಸಿಕೊಂಡು ವಾದ ಮಾಡುವ ಬದಲು, ಕೈಯಲ್ಲಿದ್ದ ರೂ. 5,000 ಸೇರಿಸಿ ರೂ. 65,000ಕ್ಕೆ ಲೆಕ್ಕ ಹಾಕಿ, ರೂ. 63,000 ಬೆಲೆಯ 210 ಕ್ರೇಟ್‌ಗಳನ್ನು ತುಂಬಿಸಿ, ಗಾಡಿ ಗೇಟು ದಾಟುವ ಮೊದಲೇ ಹೀಗೆ ಬರೆದು ಕಳುಹಿಸಿದೆ: "ಇಂದು ರೂ. 60,000 ಜಮೆಯಾಗಿದೆ. ಈವರೆಗೆ ಬಂದದ್ದು ರೂ. 2,60,000, ಕಳುಹಿಸಿದ್ದು 860 ಕ್ರೇಟ್. ಉಳಿದದ್ದು 340 ಕ್ರೇಟ್, ಬಾಕಿ ರೂ. 1,00,000. ಈ ಮೊತ್ತ ಜಮೆಯಾದ ಮರುದಿನ ಕೊನೆಯ ಕಂತು ಹೊರಡುತ್ತದೆ. ನೀವು ತಿಳಿಸಿದ್ದ 25ನೇ ತಾರೀಖು ಹಾಗೆಯೇ ಇದೆಯೇ ಎಂದು ತಿಳಿಸಿ." ಹಣ 27ರಂದು ಬಂತು. 28ರಂದು 340 ಕ್ರೇಟ್‌ಗಳು ಹೊರಟವು. ಅವುಗಳ ಡೆಲಿವರಿ ಚೀಟಿಯ ಕೆಳಗೆ ಆರ್ಡರಿನ ಲೆಕ್ಕ ಚುಕ್ತಾ ಎಂದು ಬರೆದು, ಹಳೆಯ ರೂ. 18,000 ಬಾಕಿ ಇದೆ ಎಂಬ ಸಾಲಿನ ಪಕ್ಕದಲ್ಲಿ ಮಂಡಿಯವರ ಸಹಿ ಹಾಕಿಸಿಕೊಂಡೆವು.